ಓದುಕೋಣೆಯ ಬೀಗದ ಕೈ

ನಮ್ಮ ಹಾಸ್ಟೆಲಿನಲ್ಲಿ ಅವಳನ್ನು ಎಲ್ಲರೂ ಮೈಕು ಎನ್ನುತ್ತಿದ್ದರು. ಪಿಸುಗುಟ್ಟಿದರೂ ವರಾಂಡದ ಆ ತುದಿಗೆ ಕೇಳಿಸುತ್ತಿತ್ತು. ಹೋದ ತಿಂಗಳು ಅವಳು ತೀರಿಕೊಂಡಳು. ಅಂದಿನಿಂದ ಅವಳ ಪರೀಕ್ಷೆಯ ದಿನಗಳೇ ನೆನಪಾಗುತ್ತವೆ.

ಕೋಣೆಗಳಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸಬೇಕಿತ್ತು. ಓದುಕೋಣೆಗೂ ಅದೇ ಹೊತ್ತಿಗೆ ಬೀಗ. ಹಿಂದಿನ ವರ್ಷ ಫೇಲಾಗಿದ್ದ ಸಂಖ್ಯಾಶಾಸ್ತ್ರವನ್ನು ಮೈಕು ಆ ಸಲ ಪಾಸು ಮಾಡದಿದ್ದರೆ ಹಾಸ್ಟೆಲ್ ಸೀಟು ಹೋಗುತ್ತಿತ್ತು. ಹನ್ನೆರಡರವರೆಗೆ ಓದಲು ಸಿಕ್ಕರೆ ಸಾಕು ಎನ್ನುತ್ತಿದ್ದಳು.

"ನೀನೇ ಹೋಗಿ ವಾರ್ಡನ್ ಹತ್ರ ಕೇಳೇ, ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ" ಎಂದು ಎಲ್ಲರೂ ದೂಡಿದರು. ನಾನೂ ಜೊತೆಗೆ ಹೋದೆ.

ವಾರ್ಡನ್ ಅರ್ಜಿ ಓದಿದರು. "ಪರೀಕ್ಷೆ ಮುಗಿಯೋವರೆಗೆ ರಾತ್ರಿ ಎರಡು ಗಂಟೆ ತನಕ ಓದುಕೋಣೆ ತೆರೀಬಹುದು. ಆದ್ರೆ ಕೇಳಿದವಳೇ ಜವಾಬ್ದಾರಿ. ಕೊನೆಯವಳು ಎದ್ದ ಮೇಲೆ ನೀನೇ ಬೀಗ ಹಾಕಿ, ಕೀ ಕಾವಲುಗಾರನಿಗೆ ಕೊಡ್ಬೇಕು."

"ಆಯ್ತು ಮೇಡಂ!" ಮೈಕು ಎಷ್ಟು ಜೋರಾಗಿ ಹೇಳಿದಳೆಂದರೆ ಪಕ್ಕದ ಮೇಜಿನ ಗುಮಾಸ್ತರು ಬೆಚ್ಚಿಬಿದ್ದರು.

ಅಲ್ಲಿಗೆ ಅವಳು ಸಿಕ್ಕಿಹಾಕಿಕೊಂಡಳು. ಹನ್ನೆರಡಕ್ಕೆ ಅವಳ ಕಣ್ಣು ಎಳೆಯುತ್ತಿತ್ತು, ಆದರೆ ಓದಲು ಕೂತ ಕಿರಿಯ ಹುಡುಗಿಯರು ಏಳುತ್ತಿರಲಿಲ್ಲ. "ಅಕ್ಕಾ, ಇನ್ನೊಂದೇ ಪಾಠ." ಆ ಇನ್ನೊಂದು ಪಾಠ ಎರಡು ಗಂಟೆವರೆಗೆ ಎಳೆಯುತ್ತಿತ್ತು. ಬೈದು ಹರಟೆ ನಿಲ್ಲಿಸುವುದೂ ಅವಳದೇ ಕೆಲಸ. ಪುಸ್ತಕ ಮುಂದಿತ್ತು, ಓದು ಸಾಗುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮತ್ತೆ ಹಾಜರಿ.

"ಕೀ ಜವಾಬ್ದಾರಿಗೆ ಇನ್ನೊಬ್ಬಳ ಹೆಸರೂ ಸೇರಿಸಿ ಮೇಡಂ" ಎಂದು ಬೇಡಿದಳು.

"ತಂದುಕೊಡು, ಬರ್ಕೋತೀನಿ."

ಊಟದ ಹೊತ್ತಿಗೆ ಮೇಜಿನಿಂದ ಮೇಜಿಗೆ ಹೋದಳು. ಕೀ ಕಳೆದರೆ ಮನೆಗೆ ಫೋನು ಹೋಗುತ್ತದೆಂದು ಎಲ್ಲರೂ ತಟ್ಟೆ ನೋಡಿಕೊಂಡು ಕೂತರು. ನನ್ನ ಹೆಸರು ಕೊಟ್ಟೆ. "ನೀನಾ? ಗೇಟು ಹಾರಿ ಸಿಕ್ಕಿಬಿದ್ದವಳ ಕೈಗೆ ಬೀಗವೇ?" ಎಂದು ವಾರ್ಡನ್ ನಕ್ಕುಬಿಟ್ಟರು.

ಸಂಖ್ಯಾಶಾಸ್ತ್ರದ ಹಿಂದಿನ ದಿನ ಮೈಕು ಕಾವಲುಗಾರನಿಂದ ಕೀ ಇಸಿದುಕೊಂಡು ನೇರ ಆಫೀಸಿಗೆ ನಡೆದಳು. "ಇವತ್ತು ಒಂದಿನ ನಂಗೆ ಆಗಲ್ಲ ಮೇಡಂ."

"ಕೊಡು." ವಾರ್ಡನ್ ಕೈ ಚಾಚಿದರು. "ಇವತ್ತಿಂದ ಓದುಕೋಣೆ ಬಂದ್."

ಆಫೀಸಿನ ಬಾಗಿಲಲ್ಲಿ ಕಿರಿಯರು ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಒಬ್ಬಳಿಗೆ ಅಳುವೇ ಬಂದಿತ್ತು. ಮೈಕು ಅವರನ್ನೂ ವಾರ್ಡನ್ನರ ಕೈಯನ್ನೂ ನೋಡಿದಳು. ಕೀ ಮುಷ್ಟಿಯಲ್ಲೇ ಉಳಿಯಿತು.

"ಬಿಡಿ ಮೇಡಂ, ಹೇಗೋ ಆಗುತ್ತೆ" ಎಂದಳು. ಅವಳ ಸ್ವರ ಅಷ್ಟು ಮೆಲ್ಲಗಿದ್ದುದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಉತ್ತರಪತ್ರಿಕೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಮೇಲ್ವಿಚಾರಕರು ತಟ್ಟಿ ಎಬ್ಬಿಸುವಷ್ಟರಲ್ಲಿ ಸಮಯ ಮುಗಿಯುತ್ತಾ ಬಂದಿತ್ತು. ಪಾಸಾಗಲಿಲ್ಲ, ಸೀಟು ಹೋಯಿತು. ಅವಳ ಟ್ರಂಕನ್ನು ನಾವಿಬ್ಬರೇ ಮೆಟ್ಟಿಲಿಳಿಸಿದೆವು. ಕಿರಿಯರೆಲ್ಲ ಪಾಸಾಗಿದ್ದರು.

ಮುಂದಿನ ಪರೀಕ್ಷೆಯಲ್ಲಿ ಓದುಕೋಣೆಗೆ ಹತ್ತಕ್ಕೇ ಬೀಗ ಬಿತ್ತು. ವಾರ್ಡನ್ ಬೇಡವೆಂದಿರಲಿಲ್ಲ. ಕೇಳಲು ಯಾರೂ ಹೋಗಲಿಲ್ಲ.