ಅಳಿಸಿದ ಸಂದೇಶ

ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಶಿಶುವಿಹಾರದಲ್ಲಿ ನಾನು ಟೀಚರ್. ಅಪ್ಪ, ಅವ್ವ ಇರುವುದು ಹೈದರಾಬಾದಿನ ತಾರ್ನಾಕದಲ್ಲಿ. ಅಪ್ಪ ಅಲ್ಲಿಯ ಯುನಿವರ್ಸಿಟಿ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಅವ್ವ ಬೀದರ ಕಡೆಯವಳು. ಹೊರಗೆ ತೆಲುಗು, ಹಿಂದಿ ಎರಡನ್ನೂ ಸಲೀಸಾಗಿ ಆಡುತ್ತಾಳೆ. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡವೇ. ಫೋನನ್ನೂ ಕನ್ನಡಕ್ಕೇ ಇಟ್ಟುಕೊಂಡಿದ್ದಾಳೆ.

ಆ ವರ್ಷ ಏಪ್ರಿಲ್‌ನ ಒಂದು ಸೋಮವಾರ ಅವ್ವನಿಗೆ ಅರವತ್ತು ತುಂಬುವುದಿತ್ತು. ನಾನು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ರಜೆ ಸಿಗಲಿಲ್ಲ. ಅವಳು ಬೆಳಿಗ್ಗೆ ಐದಕ್ಕೆ ಎದ್ದು ಫೋನ್ ಕೈಗೆತ್ತಿಕೊಂಡಾಗ ಎಲ್ಲರಿಗಿಂತ ಮೊದಲು ನನ್ನ ದನಿ ಕೇಳಬೇಕು ಎಂದು ಆಸೆ. ಬರೆದು ಕಳಿಸಿದರೆ ಅವಳಿಗೆ ಸಮಾಧಾನವಿಲ್ಲ. ನೇರವಾಗಿ ಕರೆ ಮಾಡಲು ನನಗೆ ಧೈರ್ಯವಿಲ್ಲ. ಆ ತಿಂಗಳು ನನ್ನ ಗಂಟಲು ನನ್ನ ಮಾತು ಕೇಳುತ್ತಿರಲಿಲ್ಲ. ಇಂಡಿಯನ್ ಅಂಗಡಿಯಿಂದ ತಂದ ಹಳೇ ಜೋಳದ ಹಿಟ್ಟಿನ ರೊಟ್ಟಿ ಹೆಂಚಿನ ಮೇಲೆ ಮೂರು ತುಂಡಾದರೂ ಸಾಕು, ಕಣ್ಣು ತುಂಬುತ್ತಿತ್ತು.

ಹಾಗಾಗಿ ದನಿ ರೆಕಾರ್ಡ್ ಮಾಡಿ ಕಳಿಸುವುದೆಂದು ತೀರ್ಮಾನಿಸಿದೆ. ಸರಿಬಾರದಿದ್ದರೆ ಮತ್ತೆ ಮಾಡಬಹುದಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಡುಗೆಮನೆಯ ಕಿಟಕಿಯ ಬಳಿ ನಿಂತು, ಮೈಕಿನ ಗುರುತು ಒತ್ತಿ ಹಿಡಿದು ಶುರುಮಾಡಿದೆ. "ಅವ್ವಾ, ಅರವತ್ತು ಮುಗಿಸಿದಿ ನೋಡು. ಇವತ್ತ ಅಡಗಿ ಮಾಡಬ್ಯಾಡ. ಅಪ್ಪಗ ಹೇಳೀನಿ, ಹಿಮಾಯತ್‌ನಗರಕ್ಕ ಕರಕೊಂಡು ಹೋಗಿ ಸೀರಿ ಕೊಡಸ್ತಾರ." ಇಲ್ಲಿಯತನಕ ಚೆನ್ನಾಗಿಯೇ ಬರುತ್ತಿತ್ತು. "ನಮ್ಮ ಹುಟ್ಟುಹಬ್ಬಕ್ಕೆಲ್ಲಾ ನೀ ತಲೀಗೆ ಎಣ್ಣಿ ಹಚ್ಚಿ ಎರೀತಿದ್ದಿ. ನಿನಗ ಯಾರೂ..." ಎನ್ನುವಲ್ಲಿ ಮಾತು ಮುಂದೆ ಹೋಗುತ್ತಿರಲಿಲ್ಲ. ಬೆರಳನ್ನು ಎಡಕ್ಕೆ ಸರಿಸಿ ರದ್ದು ಮಾಡುತ್ತಿದ್ದೆ. ಹೀಗೆ ಆರು ಸಲ. ಏಳನೆಯ ಸಲ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದೆ. ಬೆರಳು ಬಿಟ್ಟರೆ ಅದು ಹೊರಟೇಬಿಡುತ್ತದೆ ಎಂಬುದು ಮರೆತೇಹೋಗಿತ್ತು.

ಹೋಯಿತು. ಬೂದು ಬಣ್ಣದ ಎರಡು ಟಿಕ್ ಗುರುತು ಬಿದ್ದವು. ಅವ್ವನ ಫೋನಿಗೆ ತಲುಪಿದೆ, ಆದರೆ ಅವಳಿನ್ನೂ ಕೇಳಿಲ್ಲ. ಅಲ್ಲಿ ನಡುರಾತ್ರಿ, ಮಲಗಿದ್ದಾಳೆ. ಹುಟ್ಟುಹಬ್ಬದ ಬೆಳಿಗ್ಗೆ ಮಗಳು ಬಿಕ್ಕುವುದನ್ನು ಅವಳು ಕೇಳಬಾರದು ಎಂದು ಗಾಬರಿಯಲ್ಲಿ "ಎಲ್ಲರಿಗೂ ಅಳಿಸು" ಒತ್ತಿದೆ. ಬಸ್ಸಿಗೆ ಹೊತ್ತಾಗಿತ್ತು. ನನ್ನ ಊಟದ ಬಿಡುವು ಹನ್ನೆರಡೂವರೆಗೆ. ಅದರಲ್ಲಿ ಏಳೂವರೆ ಗಂಟೆ ಕಳೆದರೆ ಹೈದರಾಬಾದಿನಲ್ಲಿ ಸರಿಯಾಗಿ ಐದು. ಆಗ ನೆಟ್ಟಗೆ ಹೇಳಿ ಕಳಿಸೋಣವೆಂದು ಓಡಿದೆ. ಶಿಶುವಿಹಾರದಲ್ಲಿ ಫೋನನ್ನು ಲಾಕರಿನಲ್ಲಿ ಇಟ್ಟೇ ಮಕ್ಕಳ ಬಳಿ ಹೋಗಬೇಕು.

ಹನ್ನೆರಡೂವರೆಗೆ ಲಾಕರ್ ತೆಗೆದೆ. ಒಂಬತ್ತು ಮಿಸ್ಡ್ ಕಾಲ್. ಐದು ಅವ್ವನವು, ನಾಲ್ಕು ಅಪ್ಪನವು. ಮೊದಲನೆಯದು ಹನ್ನೊಂದು ನಲವತ್ತಕ್ಕೆ. ಲೆಕ್ಕ ಹಾಕಿದೆ: ಅಲ್ಲಿ ನಸುಕಿನ ನಾಲ್ಕು ಹತ್ತು. ಆ ಹೊತ್ತಿನಲ್ಲಿ ಮನೆಯಿಂದ ಫೋನ್ ಬರುವುದೆಂದರೆ ಯಾರಿಗೋ ಏನೋ ಆಗಿದೆ. ಮಕ್ಕಳ ರೇನ್‌ಕೋಟ್ ತೂಗುಹಾಕುವ ಗೋಡೆಗೆ ಒರಗಿ ಕರೆ ಮಾಡಿದೆ.

ಅರ್ಧ ರಿಂಗಿಗೇ ಅಪ್ಪ ಎತ್ತಿದರು.

"ಏನಾತು?" ಎಂದೆ.

"ಏನಾತು?" ಎಂದು ಅದೇ ಉಸಿರಿಗೆ ಅವರೂ ಕೇಳಿದರು.

"ಅವ್ವ ಎಲ್ಲದಾಳ? ಆರಾಮದಾಳಿಲ್ಲೋ?"

"ಅಕಿ ಇಲ್ಲೇ ಅದಾಳ. ನಿನಗೇನಾಗೈತಿ ಅದನ್ನ ಹೇಳು ಮೊದಲ."

ಅವ್ವ ಫೋನ್ ಕಸಿದುಕೊಂಡಳು. "ಏನ ಬರದಿದ್ದಿ, ಯಾಕ ಅಳಿಸಿದಿ? ಐದಕ್ಕೆದ್ದು ನೋಡಿದ್ರ ನಿನ್ನ ಹೆಸರಿನ ಕೆಳಗ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಬಂದೈತಿ. ನಡುರಾತ್ರಿ ಹನ್ನೆರಡೂವರಿಗೆ ಕಳಿಸೀದಿ. ಹೇಳಬಾರದ್ದು ಏನರ ಆಗಿದ್ರ ಹೇಳಿಬಿಡವ್ವ. ನಾ ಗಟ್ಟಿ ಅದೀನಿ."

ಆಗ ಗೊತ್ತಾಯಿತು. ಸಂದೇಶ ಅಳಿಸಿದರೂ ಅಳಿಸಿದ್ದರ ಗುರುತು ಅವಳ ಫೋನಿನಲ್ಲಿ ಉಳಿಯುತ್ತದೆ ಎಂಬುದನ್ನು ನಾನು ಯೋಚಿಸಿರಲೇ ಇಲ್ಲ.

"ಈಗೆಷ್ಟ ಗಂಟಿ ಅಲ್ಲೆ?" ಎಂದೆ.

"ಆರು ಹೊಡೀತು. ತಾಸ ಆತು ಒದ್ದಾಡಾಕತ್ತೀವಿ."

ಆರು! ಹಿಂದಿನ ದಿನ ಭಾನುವಾರ ಇಲ್ಲಿ ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟಿದ್ದ ಗಡಿಯಾರಗಳನ್ನು ಮತ್ತೆ ಹಿಂದೆ ಸರಿಸಿದ್ದರು. ಫೋನು ತಾನಾಗಿಯೇ ಬದಲಾಗಿತ್ತು. ಗೋಡೆಯ ಗಡಿಯಾರವನ್ನು ನಾನೇ ಕುರ್ಚಿ ಹತ್ತಿ ತಿರುಗಿಸಿದ್ದೆ. ತಲೆಯೊಳಗಿನ ಏಳೂವರೆ ಗಂಟೆಯ ಲೆಕ್ಕ ಮಾತ್ರ ಆರೂವರೆ ಆಗಿರಲಿಲ್ಲ. ಅವ್ವ ಎದ್ದಿದ್ದು ಎಂದಿನಂತೆ ಐದಕ್ಕೇ. ಅವಳಿನ್ನೂ ಮಲಗಿದ್ದಾಳೆಂದು ನಾನು ನಿಶ್ಚಿಂತೆಯಾಗಿ ಮಕ್ಕಳ ಜೊತೆ ಮಣ್ಣಿನ ಮುದ್ದೆ ಕಟ್ಟುತ್ತಿದ್ದ ಆ ಒಂದು ತಾಸು ಅವರಿಬ್ಬರೂ ಹಾಸಿಗೆಯ ತುದಿಯಲ್ಲಿ ಕೂತು ಸರದಿಯ ಮೇಲೆ ಫೋನ್ ಒತ್ತಿದ್ದರು. ಹಾಲು ತರಲೂ ಹೋಗಿರಲಿಲ್ಲ. ಪಕ್ಕದ ಮನೆಯ ತೆಲುಗಿನಾಕೆ ಬಂದು "ಏಂ ಕಾದು ಅಕ್ಕಾ" ಎಂದು, ಏನೂ ಆಗುವುದಿಲ್ಲವೆಂದು ಧೈರ್ಯ ಹೇಳಿ ಹೋದಳಂತೆ.

"ಅವ್ವಾ, ಏನೂ ಆಗಿಲ್ಲ. ನಿನಗ ಹುಟ್ಟುಹಬ್ಬದ್ದು ಹೇಳಾಕ ಹೋಗಿ ಅಳು ಬಂತು. ಅದಕ್ಕ ಅಳಿಸಿದೆ."

"ಅಂದ್ರ ನೀ ಅತ್ತದ್ದನ್ನ ಅಳಿಸಿ ನಮ್ಮನ್ನ ಅಳಿಸಿದಿ" ಎಂದಳು ಅವ್ವ. ಅಪ್ಪ ದೊಡ್ಡದಾಗಿ ನಕ್ಕರು. ನನಗೂ ನಗು ಬಂತು. ನಗುತ್ತ ನಗುತ್ತ ಮತ್ತೆ ಅಳು.

"ಏನ ಹೇಳಿದ್ದಿ, ಈಗ ಹೇಳು. ಎಲ್ಲಾ ಹೇಳಬೇಕ ನೋಡು."

ಮೊದಲಿನಿಂದ ಹೇಳಿದೆ. ಅಡುಗೆ ಬೇಡ, ಸೀರೆ, ಹಿಮಾಯತ್‌ನಗರ. ಎಣ್ಣೆಯ ಮಾತಿಗೆ ಬಂದಾಗ ದನಿ ಒಡೆಯಿತು. ಈ ಸಲ ನಿಲ್ಲಿಸಲಿಲ್ಲ. "ನಾ ಇದ್ದಿದ್ರ ನಾನ ಹಚ್ಚತಿದ್ದೆ" ಎಂದು ಮುಗಿಸಿದೆ.

"ಹೋದ ವರ್ಷ ನಿನ್ನ ಹುಟ್ಟುಹಬ್ಬಕ್ಕ ನಾನೂ ಮೂರು ಸಲ ದನಿ ತುಂಬಿ ಕಳಿಸಾಕ ನೋಡಿದೆ. ಆಗಲಿಲ್ಲ" ಎಂದಳು ಅವ್ವ. "ಕಡೀಕ ನಿಮ್ಮಪ್ಪನ ಕಡಿಂದ 'ಶುಭಾಶಯಗಳು' ಅಂತ ಬರಸಿ ಕಳಿಸಿದೆ."

ಆ ಒಂದೇ ಪದದ ಸಂದೇಶ ನೋಡಿ, ಅವ್ವ ನಾನಿಲ್ಲದೆ ಇರುವುದನ್ನು ರೂಢಿ ಮಾಡಿಕೊಂಡಳಲ್ಲ ಎಂದು ನಾನು ಇಡೀ ದಿನ ಕೊರಗಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಅಷ್ಟರಲ್ಲಿ ಅಪ್ಪನ ದನಿ ದೂರದಿಂದ ಕೇಳಿಸಿತು. "ಎಣ್ಣಿ ಡಬ್ಬಿ ಎಲ್ಲಿ ಇಟ್ಟೀ?"

"ನಿಮಗ್ಯಾಕ್ರೀ ಈಗ ಎಣ್ಣಿ?" ಎಂದಳು ಅವ್ವ. ಆಮೇಲೆ, "ಅಯ್ಯ, ಬ್ಯಾಡ್ರೀ, ಕುತಿಗಿಗೆಲ್ಲಾ ಇಳೀತದ! ಸಾಕ್ರೀ!" ಎಂದು ಕೂಗಿ ನಗತೊಡಗಿದಳು. ಫೋನು ಎಲ್ಲೋ ಹಾಸಿಗೆಯ ಮೇಲೆ ಬಿದ್ದಿತ್ತು. ನನ್ನ ಬಿಡುವು ಮುಗಿಯುವವರೆಗೂ ಆ ಗದ್ದಲ ಕೇಳುತ್ತ ನಿಂತೆ. ಊಟದ ಡಬ್ಬಿ ತೆಗೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವ್ವನ ದನಿ ಸಂದೇಶ ಕೇಳಿದೆ. ನಾಲ್ಕು ನಿಮಿಷದ್ದು. ಮೊದಲು "ಒತ್ತೇ ಹಿಡೀಬೇಕೇನ್ರಿ?" ಎಂದು ಅಪ್ಪನನ್ನು ಕೇಳುವುದು. ಆಮೇಲೆ ಬಿಸಿಲು, ಆಟೋದವನು, ಅಂಗಡಿಯಲ್ಲಿ ಅಪ್ಪ ಹಟ ಹಿಡಿದು ಆರಿಸಿದ, ತನಗೆ ಒಂಚೂರೂ ಸೇರದ ಹಳದಿ ಸೀರೆ. ನಡುವೆ "ನೀ ಇರಬೇಕಿತ್ತು" ಎಂದಳು. ಮೂಗು ಸೇದುವುದು ಕೇಳಿಸಿತು. ನಂತರ ಗಂಟಲು ಸರಿಮಾಡಿಕೊಂಡು, ಈ ಸಲ ಮಾವಿನಕಾಯಿ ಭಾಳ ಹುಳಿ ಅದಾವ, ಉಪ್ಪಿನಕಾಯಿಗೆ ಚೊಲೋ ಆಕ್ಕಾವ ಎಂದು ಮಾತು ಮುಂದುವರಿಸಿದಳು.