ನೂರ ಎಪ್ಪತ್ತೈದು ಮಂದಿಯ ಲೆಕ್ಕ

ನೀಲಾವತಿ ಮೇಡಂ ಪುತ್ತೂರಿನ ಆ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಾಣಿಜ್ಯ ಪಾಠ ಮಾಡಿದವರು. ದಿನಾ ಹತ್ತಿರದ ಸವಣೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವರು. ಕಾಲೇಜಿನಲ್ಲಿ ಯಾವ ಕಾರ್ಯಕ್ರಮವಾಗಲಿ, ಕೋಶಾಧಿಕಾರಿ ಯಾರು ಎಂಬ ಚರ್ಚೆಯೇ ಇರುತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ರೂಪಾಯಿ ಕೂಡ ದಾರಿ ತಪ್ಪುವುದಿಲ್ಲ ಎಂಬ ಹೆಸರು ಇತ್ತು. ಆ ಹೆಸರನ್ನು ಅವರು ಸ್ವಲ್ಪ ಜಾಸ್ತಿಯೇ ಪ್ರೀತಿಸುತ್ತಿದ್ದರು ಎನ್ನಬೇಕು.

ನಿವೃತ್ತಿಗೆ ಎರಡು ವರ್ಷ ಇರುವಾಗ ಕನ್ನಡ ವಿಭಾಗದ ಮುಖ್ಯಸ್ಥ ವಿಷ್ಣುಪ್ರಸಾದರು ಗಡಿಭಾಗದ ಮಾತುಗಳ ಬಗ್ಗೆ ಎರಡು ದಿನದ ರಾಷ್ಟ್ರೀಯ ಸಮ್ಮೇಳನ ಮಾಡುವುದೆಂದು ಹೊರಟರು. ಬಜೆಟ್ ನೀಲಾವತಿಯವರಿಗೆ ಬಂತು.

ಅವರು ಖರ್ಚನ್ನು ಎರಡು ಪಾಲು ಮಾಡಿದರು. ಜನ ಎಷ್ಟು ಬಂದರೂ ಬದಲಾಗದ ಖರ್ಚು ಎರಡು ಲಕ್ಷದ ಇಪ್ಪತ್ತು ಸಾವಿರ. ಭಾಷಣಕಾರರ ಪ್ರಯಾಣ ಮತ್ತು ವಸತಿಗೆ ತೊಂಬತ್ತು, ಪ್ರಬಂಧಗಳ ಪುಸ್ತಕಕ್ಕೆ ನಲವತ್ತು, ಸಭಾಂಗಣ ಮತ್ತು ಧ್ವನಿವ್ಯವಸ್ಥೆಗೆ ಮೂವತ್ತೈದು, ಪ್ರಚಾರ ಮತ್ತು ಇತರೆಗೆ ಹದಿನೈದು. ಉಳಿದ ನಲವತ್ತು ಸಾವಿರ, ದೂರದಿಂದ ಬರುವ ಹತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ತಲಾ ನಾಲ್ಕು ಸಾವಿರದ ಪ್ರಯಾಣ ಸಹಾಯ. ಆಡಳಿತ ಮಂಡಳಿ ಐವತ್ತು, ಒಂದು ಸಹಕಾರಿ ಸಂಘ ಮೂವತ್ತು ಸಾವಿರ ಕೊಡುತ್ತಿದ್ದವು. ಒಂದು ಲಕ್ಷದ ನಲವತ್ತು ಸಾವಿರ ನೋಂದಣಿ ಶುಲ್ಕದಿಂದಲೇ ಹುಟ್ಟಬೇಕು.

ಶುಲ್ಕ ಅಧ್ಯಾಪಕರಿಗೆ ಎರಡು ಸಾವಿರ, ವಿದ್ಯಾರ್ಥಿಗಳಿಗೆ ಒಂದು ಸಾವಿರ. ಒಬ್ಬೊಬ್ಬರ ಊಟ, ಚಹಾ, ಬ್ಯಾಗಿಗೆ ಏಳುನೂರು ಹೋಗುತ್ತದೆ. ಅಂದರೆ ಅಧ್ಯಾಪಕರೊಬ್ಬರಿಂದ ಉಳಿಯುವುದು ಸಾವಿರದ ಮುನ್ನೂರು, ವಿದ್ಯಾರ್ಥಿಯಿಂದ ಬರೀ ಮುನ್ನೂರು. ಅರ್ಧಕ್ಕರ್ಧ ಬಂದರೆ ಸರಾಸರಿ ಎಂಟುನೂರು.

"ನೂರ ಎಪ್ಪತ್ತೈದು ಜನ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ" ಎಂದು ಸಮಿತಿಯ ಮುಂದೆ ಹೇಳಿದರು.

"ಬರ್ತಾರೆ ಮಾರಾಯ್ರೆ, ಇನ್ನೂರು ಬರ್ತಾರೆ" ಎಂದರು ವಿಷ್ಣುಪ್ರಸಾದರು. ಆಹ್ವಾನ ಪತ್ರಿಕೆಯಲ್ಲಿ ಪ್ರಯಾಣ ಸಹಾಯದ ಸಾಲು ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಹತ್ತು ವಿದ್ಯಾರ್ಥಿಗಳನ್ನು ಆರಿಸಿ ಇಮೇಲ್ ಹೋಯಿತು. ಕೊನೆಯಲ್ಲಿ "ನಿಧಿಯ ಲಭ್ಯತೆಗೆ ಒಳಪಟ್ಟು" ಎಂದು ಸೇರಿಸಿದ್ದು ನೀಲಾವತಿಯವರೇ.

ಹದಿನೈದು ದಿನ ಇರುವಾಗ ಪಟ್ಟಿ ನೋಡಿದರೆ ನೂರ ಹನ್ನೆರಡು ಮಂದಿ. ಅದರಲ್ಲಿ ಅಧ್ಯಾಪಕರು ನಲವತ್ತೈದೇ. ಅರ್ಧಕ್ಕರ್ಧ ಎಂಬ ಊಹೆ ಸುಳ್ಳಾಗಿತ್ತು. ಈವರೆಗೆ ಉಳಿದದ್ದು ಎಪ್ಪತ್ತೆಂಟು ಸಾವಿರದ ಆರುನೂರು. ಇನ್ನೂ ಅರವತ್ತೊಂದು ಸಾವಿರ ಬೇಕು. ಆಡಳಿತ ಮಂಡಳಿ ಐವತ್ತರ ಮೇಲೆ ಒಂದು ಪೈಸೆ ಇಲ್ಲ ಎಂದು ಮೊದಲೇ ಹೇಳಿತ್ತು. ಹಿಂದಿನ ವರ್ಷ ಬೇರೆ ವಿಭಾಗದ ಸಂಚಾಲಕರು ಸಮ್ಮೇಳನದ ನಷ್ಟವನ್ನು ತಮ್ಮ ಸಂಬಳದಿಂದ ತುಂಬಿದ್ದನ್ನು ಎಲ್ಲರೂ ಕಂಡಿದ್ದರು.

ಸಭೆ ಸೇರಿತು. ಪುಸ್ತಕ ಅಚ್ಚಿಗೆ ಹೋಗಿದೆ, ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿದೆ. "ಇನ್ನು ಎಂತ ಮಾಡುದು ಮೇಡಂ?" ಎಂದು ಕೇಳಿದರು ವಿಷ್ಣುಪ್ರಸಾದರು.

ಇನ್ನೂ ಆರ್ಡರ್ ಕೊಡದ ಒಂದು ವಸ್ತು ಇತ್ತು. ಕಾಲೇಜಿನ ಲಾಂಛನದ ಬ್ಯಾಗು, ಒಂದಕ್ಕೆ ಇನ್ನೂರು. ಅದರ ಬದಲು ನಲವತ್ತು ರೂಪಾಯಿಯ ಫೈಲು ಕೊಟ್ಟರೆ ನೂರೈವತ್ತು ಮಂದಿಗೆ ಇಪ್ಪತ್ನಾಲ್ಕು ಸಾವಿರ ಉಳಿಯುತ್ತಿತ್ತು; ಆರು ಮಕ್ಕಳ ಪ್ರಯಾಣ. ಅದು ನೀಲಾವತಿಯವರಿಗೆ ಗೊತ್ತಿತ್ತು. ಆದರೆ ಬ್ಯಾಗಿನ ಬಣ್ಣ ಆರಿಸಿದ ಪ್ರಾಂಶುಪಾಲರು ಎದುರಿಗೇ ಕೂತಿದ್ದರು. ಭಾಷಣಕಾರರ ವಿಮಾನದ ಟಿಕೆಟಿನ ಪರವಾಗಿ ವಿಷ್ಣುಪ್ರಸಾದರು ಇದ್ದರು. ಹತ್ತು ವಿದ್ಯಾರ್ಥಿಗಳ ಪರವಾಗಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಪ್ರಯಾಣ ಸಹಾಯ ತೆಗೆದರೆ ನಲವತ್ತು ಸಾವಿರ ಉಳೀತದೆ. ಅರ್ಧಕ್ಕರ್ಧದ ಲೆಕ್ಕದಲ್ಲಿ ನೂರ ಇಪ್ಪತ್ತೈದಕ್ಕೆ ಸರಿಯಾಗ್ತದೆ; ಈಗ ವಿದ್ಯಾರ್ಥಿಗಳೇ ಜಾಸ್ತಿ ಇರುದರಿಂದ ನೂರೈವತ್ತರ ಹತ್ತಿರ ಬೇಕು. ಅಷ್ಟು ಬರಬಹುದು" ಎಂದರು ನೀಲಾವತಿ. "ಪತ್ರದಲ್ಲಿ ನಿಧಿಯ ಲಭ್ಯತೆ ಅಂತ ಹಾಕಿದ್ದು ಉಂಟು."

ಎಲ್ಲರೂ ಉಸಿರು ಬಿಟ್ಟರು. "ನೀವು ಇದ್ದದ್ದಕ್ಕೆ ಆಯ್ತು" ಎಂದರು ಪ್ರಾಂಶುಪಾಲರು.

ಮರುದಿನ ಮಧ್ಯಾಹ್ನ ವಾಣಿಜ್ಯ ವಿಭಾಗಕ್ಕೆ ಫೋನು ಬಂತು. ಕಲಬುರಗಿಯ ಸಂಶೋಧನಾ ವಿದ್ಯಾರ್ಥಿನಿ, ಸಫಿಯಾ. ದಖನಿ ಉರ್ದುವಿನ ಮದುವೆ ಹಾಡುಗಳ ಮೇಲೆ ಕೆಲಸ ಮಾಡುತ್ತಿದ್ದವಳು.

"ಮೇಡಂ, ನಿಮ್ಮ ಮೇಲ್ ಬಂತ್ರಿ. ರೊಕ್ಕ ಇಲ್ಲಂತ ಬರ್ದೀರಿ. ಮೊದಲ ಕೊಡ್ತೀವಿ ಅಂದಿದ್ರಲ್ರಿ, ನಾನು ಮನ್ಯಾಗ ಹೇಳಿ ಕೈಗಡ ತಂದು ಟಿಕೆಟ್ ತಗೊಂಡೀನ್ರಿ."

"ನಮ್ಮಲ್ಲಿ ನೋಂದಣಿ ಕಡಿಮೆ ಆಯ್ತಮ್ಮ. ಪತ್ರದಲ್ಲೇ ಷರತ್ತು ಹಾಕಿದ್ದು..."

"ಸ್ವಲ್ಪನಾದ್ರೂ ಆಗಂಗಿಲ್ಲೇನ್ರಿ? ಬರೂದಕ್ಕ ಅಷ್ಟ?"

ಒಬ್ಬಳಿಗೆ ಕೊಟ್ಟರೆ ಹತ್ತು ಮಂದಿಗೂ ಕೊಡಬೇಕಾಗುತ್ತದೆ ಎಂದರು ನೀಲಾವತಿ. ಅದು ನ್ಯಾಯವಾದ ಮಾತೇ ಆಗಿತ್ತು.

"ಆಯ್ತ್ರಿ ಮೇಡಂ" ಎಂದಳು ಸಫಿಯಾ. ಜಗಳ ಮಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಮ್ಮೇಳನದ ಹಿಂದಿನ ದಿನದ ಹೊತ್ತಿಗೆ ನೋಂದಣಿ ನೂರೈವತ್ತಕ್ಕೆ ಮುಟ್ಟಿತು. ಅಂದೇ ಮುಖ್ಯ ಭಾಷಣಕಾರರಿಗೆ ಜ್ವರ ಬಂದು, ಅವರು ಮನೆಯಿಂದಲೇ ಆನ್‌ಲೈನಿನಲ್ಲಿ ಮಾತಾಡುವುದೆಂದು ಆಯಿತು. ವಿಮಾನ, ಹೋಟೆಲು ಸೇರಿ ಮೂವತ್ತೆರಡು ಸಾವಿರ ವಾಪಸು ಬಂತು. ಮರುದಿನ ಬೆಳಿಗ್ಗೆ ನೋಂದಣಿ ಮೇಜಿನ ಬಳಿ ಹತ್ತು ಮಂದಿ ಅಧ್ಯಾಪಕರು ಸ್ಥಳದಲ್ಲೇ, ತಡವಾಗಿ ಬಂದವರ ದರದಲ್ಲಿ ತಲಾ ಎರಡೂವರೆ ಸಾವಿರ ಕಟ್ಟಿದರು. ಆರಿಸಿದ ಹತ್ತು ಮಂದಿಯಲ್ಲಿ ನಾಲ್ವರು ಸ್ವಂತ ಹಣದಲ್ಲಿ ಬಂದಿದ್ದರು. ಎರಡನೆಯ ದಿನದ ಗೋಷ್ಠಿಯಲ್ಲಿ ಅಧ್ಯಕ್ಷರು ಸಫಿಯಾಳ ಹೆಸರನ್ನು ಎರಡು ಸಲ ಕರೆದರು. ಯಾರೂ ಏಳಲಿಲ್ಲ. "ಗೈರು" ಎಂದು ಬರೆದು ಮುಂದಿನವರನ್ನು ಕರೆದರು.

ನೀಲಾವತಿಯವರು ಆಗಷ್ಟೇ ಪುಸ್ತಕ ತೆರೆದು ಅವಳ ಪ್ರಬಂಧ ಓದಿದ್ದು. ಮದುಮಗಳನ್ನು ಕಳಿಸಿಕೊಡುವಾಗ ಹೆಂಗಸರು ಹಾಡುವ ಹಾಡಿನಲ್ಲಿ ಮೂರು ಭಾಷೆ ಹೇಗೆ ಬೆರೆಯುತ್ತವೆ ಎಂದು ಹುಡುಗಿ ಬರೆದಿದ್ದಳು. ತನ್ನ ಅಜ್ಜಿಯಿಂದಲೇ ಹಾಡುಗಳನ್ನು ಬರೆದುಕೊಂಡಿದ್ದಳು. ಎರಡು ದಿನ ಕೇಳಿದ ಯಾವ ಪ್ರಬಂಧವೂ ಅಷ್ಟು ಚೆನ್ನಾಗಿರಲಿಲ್ಲ.

ವಾರದ ನಂತರ ಲೆಕ್ಕ ಮುಗಿಯಿತು. ಐವತ್ತೈದು ಸಾವಿರ ಮಿಕ್ಕಿತ್ತು. ಹತ್ತು ಮಂದಿಗೂ ಕೊಟ್ಟಿದ್ದರೂ ಇನ್ನೂ ಹದಿನೈದು ಸಾವಿರ ಉಳಿಯುತ್ತಿತ್ತು. ನೀಲಾವತಿಯವರು ಮೂರು ಸಲ ಕೂಡಿಸಿ ಕಳೆದರು. ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಅವರಿಗೆ ಅನಿಸಿದ್ದು ಜೀವನದಲ್ಲಿ ಅದೇ ಮೊದಲು.

"ಈಗಲಾದ್ರೂ ಆ ಹತ್ತು ಮಂದಿಗೆ ಕಳಿಸುವ" ಎಂದು ಕೇಳಿದರು. ಬಂದ ನಾಲ್ವರಿಗೆ ಕೊಡಲು ಸಮಿತಿ ಒಪ್ಪಿತು. ಬಾರದವರಿಗೆ ಪ್ರಯಾಣದ ಹಣ ಹೇಗೆ ಕೊಡುವುದು, ಲೆಕ್ಕ ತಪಾಸಣೆಯವರು ಕೇಳಿದರೆ? ಮಾಡದ ಖರ್ಚಿಗೆ ಹಣ ಇಲ್ಲ ಎಂಬ ನಿಯಮವನ್ನು ಕಾಲೇಜಿಗೆ ಕಲಿಸಿದ್ದು ನೀಲಾವತಿಯವರೇ.

ತಮ್ಮ ಕೈಯಿಂದ ಕಳಿಸುತ್ತೇನೆಂದು ಸಫಿಯಾಳಿಗೆ ಫೋನು ಮಾಡಿದರು.

"ಬ್ಯಾಡ್ರಿ ಮೇಡಂ. ನಾನು ಬಂದೇ ಇಲ್ಲಲ್ರಿ, ಹ್ಯಾಂಗ ತಗೊಳ್ಳಲಿ?" ಎಂದಳು. ಕೋಪ ಇರಲಿಲ್ಲ. "ಈ ವರ್ಷ ಶಾಲಿ ಒಂದ್ರಾಗ ಕಲಿಸಾಕ ಹೊಂಟೀನ್ರಿ. ಪಿಎಚ್‌ಡಿ ಆಮ್ಯಾಲ ನೋಡಿದ್ರಾಯ್ತು."

"ಅಜ್ಜಿ ಹೇಗಿದ್ದಾರಮ್ಮ?" ಎಂದು ಕೇಳಿದರು ನೀಲಾವತಿ, ಬೇರೇನೂ ತೋಚದೆ.

"ಅದಾರ್ರಿ. ನೀವು ಕೇಳಿದ್ರಿ ಅಂತ ಹೇಳ್ತೀನಿ."

ಮುಂದಿನ ವರ್ಷ ನೀಲಾವತಿ ಕೋಶಾಧಿಕಾರಿಯಾಗಲು ಒಪ್ಪಲಿಲ್ಲ. ಕಾರಣ ಕೇಳಿದವರಿಗೆ ಕಣ್ಣು ಮಂಜಾಗಿದೆ ಎಂದರು. ಆದರೆ ಆ ಸಭೆಯ ದಿನ ತಿದ್ದಿದ ಅವರ ಬಜೆಟ್ ಹಾಳೆ ಅವರನ್ನು ಬಿಟ್ಟು ಎಲ್ಲ ಕಡೆ ಹೋಯಿತು. ಸುಳ್ಯದ ಒಂದು ಕಾಲೇಜಿನವರು ಕೇಳಿ ತರಿಸಿಕೊಂಡರು, ಅಲ್ಲಿಂದ ಕಡಬಕ್ಕೂ ಹೋಯಿತು. ಒಂದು ದಿನ ಕಡಬದಿಂದ ಸಾಕ್ಷಿ ಎಂಬ ಹೊಸ ಉಪನ್ಯಾಸಕಿ ಫೋನು ಮಾಡಿದಳು.

"ಮೇಡಂ, ನಿಮ್ಮ ಶೀಟು ಭಾರೀ ಉಪಕಾರ ಆಯ್ತು. ಪ್ರಯಾಣ ಸಹಾಯ ಅಂತ ಒಂದು ಸಾಲು ಉಂಟು, ಸೊನ್ನೆ ಇದೆ. ಅದನ್ನು ತೆಗೆದು ಬಿಡ್ಲಾ?"

"ಬೇಡ ಮಗ" ಎಂದರು ನೀಲಾವತಿ. "ಬ್ಯಾಗು ಕೊಡುದು ಬಿಟ್ಟು ಆ ದುಡ್ಡು ಅಲ್ಲಿ ಹಾಕು."

ಆಚೆಯಿಂದ ಸಾಕ್ಷಿ ನಕ್ಕಳು. "ಬ್ಯಾಗು ಆಗ್ಲೇ ಆರ್ಡರ್ ಆಯ್ತು ಮೇಡಂ."