ಗೆರೆಯ ಕೊನೆಯ ಸಮಚಿಹ್ನೆ

ತೊಂಬತ್ತರ ದಶಕದ ಕೊನೆಯಲ್ಲಿ ಅಫಜಲಪುರದಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಅಕ್ಕೋರು ಒಂದು ಕಾಲಕ್ಕೆ ನನಗೂ ಗುರು. ನನ್ನ ಕ್ಲಾಸ್ ತುಂಬಿದಷ್ಟೂ ಅವರ ಮಷಿನ್ನುಗಳ ಮುಂದಿನ ಸ್ಟೂಲುಗಳು ಖಾಲಿಯಾದವು. ನನಗೇನೂ ಅನಿಸಲಿಲ್ಲ, ನಿಜ ಹೇಳಬೇಕಲ್ಲ.

ಅವರು ಗುಲ್ಬರ್ಗಾದ ಒಂದು ಕಚೇರಿಯ ಟೈಪಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದರು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಅಂಚೆ ತಡವಾಗುತ್ತದೆಂದು ಅಲ್ಲಿನ ಪರಿಚಯದವರೊಬ್ಬರು ಸಂದರ್ಶನಕ್ಕೆ ಕರೆದವರ ನಂಬರುಗಳನ್ನು ನನಗೆ ಇಮೇಲ್ ಮಾಡಿದರು. ಅಕ್ಕೋರ ನಂಬರು 1052.

ಮೇಲ್ ಬಂದದ್ದು ಹಸಿಹಸಿಯಾಗಿ, ಇಮೇಲ್ ಸಾಗಿಸಲು ಬಳಸುವ ಕ್ವೋಟೆಡ್-ಪ್ರಿಂಟೆಬಲ್ ಎಂಬ ಸಂಕೇತ ರೂಪದಲ್ಲಿ. ಸಮಚಿಹ್ನೆ ಇರಬೇಕಾದಲ್ಲಿ =3D, ಹಲವು ಗೆರೆಗಳ ಕೊನೆಗೆ ಒಂದು ಬರೀ =. ಇದನ್ನು ಬಿಡಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ quopri ಎಂಬ ಸಿದ್ಧ ಮಾಡ್ಯೂಲ್ ಬರುತ್ತಿತ್ತು. ಆದರೆ ನನಗೆ ಜಾಣತನದ ಜಂಬ. ನಾನೇ ಬರೆದೆ: ಒಂದೊಂದೇ ಗೆರೆ ಓದು, =3D ಇದ್ದಲ್ಲಿ = ಹಾಕು, ಕೊನೆಯ = ಕಸ, ಕಿತ್ತುಹಾಕು, ಆ ಗೆರೆಯಲ್ಲಿ 1052 ಹುಡುಕು. ಎಲ್ಲ ಗೆರೆಗೂ ಉತ್ತರ -1. ಅಂದರೆ ಇಲ್ಲ.

"ಇನ್ನೊಮ್ಮೆ ನೋಡ್ರಿ," ಅಂದರು ಅಕ್ಕೋರು. "ಇಲ್ಲಂದ್ರ ಅದನ್ನ ಕಾಗದದ ಮ್ಯಾಲ ತಗದು ಕೊಡ್ರಿ, ನಾನು ಕಣ್ಣಾಡಸ್ತೇನಿ."

"ಕಣ್ಣು ತಪ್ಪತಾವ್ರಿ ಅಕ್ಕೋರೆ. ಕಂಪ್ಯೂಟರ್ ತಪ್ಪೂದಿಲ್ಲ."

ನಗುತ್ತಲೇ ಹೇಳಿದೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಎರಡು ವಾರದ ಮೇಲೆ ಅವರಿಗೆ ಸಂದರ್ಶನದ ಪತ್ರ ಅಂಚೆಯಲ್ಲಿ ಬಂತು. ಸಂದರ್ಶನ ಮುಗಿದು ಆಗಲೇ ನಾಲ್ಕು ದಿನ. ಪತ್ರವನ್ನು ನನ್ನ ಮೇಜಿನ ಮೇಲಿಟ್ಟರು.

ಉಳಿಸಿದ್ದ ಮೇಲನ್ನು ಈ ಸಲ quopri.decode ಕೈಗೆ ಕೊಟ್ಟೆ. ನಾನು ಕಸವೆಂದು ಕಿತ್ತಿದ್ದ ಆ = ಕಂಡಲ್ಲೆಲ್ಲ ಅದು ಚಿಹ್ನೆಯನ್ನೂ ಗೆರೆಯ ಮುರಿತವನ್ನೂ ಒಟ್ಟಿಗೇ ತೆಗೆದು, ನಡುವೆ ಖಾಲಿ ಜಾಗವನ್ನೂ ಬಿಡದೆ ಮುಂದಿನ ಗೆರೆಯನ್ನು ಅಂಟಿಸಿತು. ಪಟ್ಟಿ ಅಸಲಿಗೆ ಒಂದೇ ಉದ್ದ ಗೆರೆ. ಎಪ್ಪತ್ತಾರು ಅಕ್ಷರ ದಾಟಬಾರದೆಂಬ ನಿಯಮಕ್ಕೆ ಅದನ್ನು ಕಳಿಸುವಾಗ ತುಂಡು ಮಾಡಲಾಗಿತ್ತು. ಈಗ ಪರದೆಯ ಮೇಲೆ 1052 ಇಡಿಯಾಗಿ ಕೂತಿತ್ತು.

ಮುಚ್ಚಿಡುವ ಮುಖ ಉಳಿದಿರಲಿಲ್ಲ. ಹಸಿ ಮೇಲನ್ನೇ ಕಾಗದಕ್ಕಿಳಿಸಿ ಅವರ ಕೈಗೆ ಕೊಟ್ಟೆ. ಕಂಪ್ಯೂಟರಿನ ಗಂಧವಿಲ್ಲದ ಹೆಂಗಸು. ಬೆರಳಿಟ್ಟು ಓದುತ್ತಾ ಹೋಗಿ ಮೂರನೇ ಗೆರೆಯ ಕೊನೆಯ 10= ಹತ್ತಿರ ನಿಂತರು. ಬೆರಳು ಕೆಳಗಿನ ಗೆರೆಯ ಮೊದಲಿಗೆ ಇಳಿಯಿತು. ಅಲ್ಲಿ 52.

"ಗೆರಿ ಮುಗದು ಶಬ್ದ ಅರ್ಧಾ ಉಳದ್ರ ಗುರುತು ಹಾಕಿ ಮುಂದಿನ ಗೆರಿಗೆ ಕೂಡಸೂದ್ರಿ," ಅಂದರು. "ಟೈಪಿಂಗಿನ್ಯಾಗ ಮೊದಲನೇ ತಿಂಗಳೇ ನಿಮಗ ಕಲಿಸೇನಿ. ಅವತ್ತು ಈ ಕಾಗದ ಕೊಟ್ಟಿದ್ರ ಸಾಕಾಗಿತ್ತಲ್ರಿ."